ಎರಡೇ ಇನಿಂಗ್ಸ್ ಆಡಿದವರು ಸರಾಸರಿ ಪಟ್ಟಿಯ ತುದಿಗೆ ಏರದಂತೆ: ಕನಿಷ್ಠ ಅರ್ಹತೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಲೀಗ್ ನಡೆಸುವವರು, ಸ್ಕೋರರ್‌ಗಳು ಮತ್ತು ಅಂಕಿಅಂಶ ಇಡುವವರು ಸೀಸನ್ ಮುಗಿಯುವ ಹೊತ್ತಿಗೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಹೆಚ್ಚಿನ ಮಾತು ಬ್ಯಾಟಿಂಗ್ ಸರಾಸರಿಯದ್ದೇ, ಏಕೆಂದರೆ ಜಗಳ ಹೆಚ್ಚಾಗಿ ಹುಟ್ಟುವುದು ಅಲ್ಲೇ. ಬೌಲಿಂಗ್ ಮತ್ತು ಸ್ಟ್ರೈಕ್ ರೇಟ್ ಬಗ್ಗೆ ಕೊನೆಯ ಭಾಗದಲ್ಲಿ ಸ್ವಲ್ಪ ಇದೆ.

ಕನಿಷ್ಠ ಅರ್ಹತೆ ಎಂದರೆ ನಿಖರವಾಗಿ ಏನು?

ಸರಾಸರಿಯ ಪಟ್ಟಿಯಲ್ಲಿ ಕ್ರಮಾಂಕ ಪಡೆಯಲು ಒಬ್ಬ ಆಟಗಾರ ಕನಿಷ್ಠ ಎಷ್ಟು ಆಡಿರಬೇಕು ಎಂಬ ಗೆರೆ. ಗೆರೆಯ ಕೆಳಗಿರುವವರ ರನ್ ಎಲ್ಲಿಗೂ ಹೋಗುವುದಿಲ್ಲ, ಅವರ ಸರಾಸರಿ ಅವರ ಸಾಲಿನಲ್ಲಿ ಹಾಗೇ ಇರುತ್ತದೆ. ಮೊದಲನೆಯವರು, ಎರಡನೆಯವರು ಎಂಬ ಎಣಿಕೆಯಲ್ಲಿ ಮಾತ್ರ ಅವರು ಬರುವುದಿಲ್ಲ. ಎಷ್ಟೋ ಲೀಗ್‌ಗಳಲ್ಲಿ ಈ ವ್ಯತ್ಯಾಸವನ್ನು ಹೇಳದೇ ಬಿಡುತ್ತಾರೆ. ತನ್ನ ಹೆಸರೇ ಪಟ್ಟಿಯಿಂದ ಮಾಯವಾಗಿದೆ ಎಂದು ಆಟಗಾರ ಸಿಟ್ಟಾಗುವುದು ಆಮೇಲೆ.

ಸರಾಸರಿಗೆ ಮಾತ್ರ ಏಕೆ ಈ ಗೆರೆ? ಒಟ್ಟು ರನ್‌ಗೆ ಏಕೆ ಇಲ್ಲ?

ಒಟ್ಟು ರನ್, ಒಟ್ಟು ವಿಕೆಟ್, ಒಟ್ಟು ಕ್ಯಾಚ್ ಇವೆಲ್ಲ ಆಡಿದಷ್ಟೂ ಕೂಡುವ ಲೆಕ್ಕಗಳು. ಎರಡು ಇನಿಂಗ್ಸ್ ಆಡಿದವರು ಹದಿನಾಲ್ಕು ಇನಿಂಗ್ಸ್ ಆಡಿದವರನ್ನು ಅಲ್ಲಿ ಹಿಂದೆ ಹಾಕುವುದು ಬಲು ಅಪರೂಪ, ಹಾಕಿದರೆ ಅದು ನಿಜಕ್ಕೂ ದೊಡ್ಡ ಆಟವೇ. ಸರಾಸರಿಯಲ್ಲಿ ಭಾಗಿಸುವ ಸಂಖ್ಯೆಯೊಂದಿದೆ: ಎಷ್ಟು ಸಲ ಔಟಾದರು ಎಂಬುದು. ಅದು 1 ಅಥವಾ 2 ಆಗಿದ್ದಾಗ ಒಂದೇ ಒಳ್ಳೆಯ ದಿನ ಇಡೀ ಸೀಸನ್‌ನ ವೇಷ ತೊಟ್ಟು ಬರುತ್ತದೆ.

ಹಳೆಯ ಉದಾಹರಣೆ ಆಂಡಿ ಗಾಂಟೂಮ್ ಅವರದು. ವೆಸ್ಟ್ ಇಂಡೀಸ್ ಪರ 1948ರಲ್ಲಿ ಇಂಗ್ಲೆಂಡ್ ವಿರುದ್ಧ ಒಂದೇ ಒಂದು ಟೆಸ್ಟ್ ಇನಿಂಗ್ಸ್ ಆಡಿ 112 ಹೊಡೆದರು, ಮತ್ತೆ ಟೆಸ್ಟ್ ಆಡಲಿಲ್ಲ. ಅವರ ಸರಾಸರಿ 112. ಡಾನ್ ಬ್ರಾಡ್‌ಮನ್ ಅವರದು 80 ಇನಿಂಗ್ಸ್‌ಗಳಲ್ಲಿ 99.94. ಇತ್ತೀಚಿನ ಉದಾಹರಣೆ ಬೇಕಿದ್ದರೆ ಆಸ್ಟ್ರೇಲಿಯಾದ ಕರ್ಟಿಸ್ ಪ್ಯಾಟರ್ಸನ್: 2019ರಲ್ಲಿ ಶ್ರೀಲಂಕಾ ವಿರುದ್ಧ ಎರಡು ಇನಿಂಗ್ಸ್, 30 ಮತ್ತು ಅಜೇಯ 114, ಸರಾಸರಿ 144. ಗೆರೆಯೇ ಇಲ್ಲದ ಪಟ್ಟಿಯಲ್ಲಿ ಇವರಿಬ್ಬರೂ ಬ್ರಾಡ್‌ಮನ್‌ಗಿಂತ ಮೇಲೆ ಕೂರುತ್ತಾರೆ.

ಎರಡು ಇನಿಂಗ್ಸ್ ಚೆನ್ನಾಗಿ ಆಡಿದ್ದೂ ಸಾಮರ್ಥ್ಯವೇ ಅಲ್ಲವೇ? ಅದೃಷ್ಟ ಎಂದು ತಳ್ಳಿಹಾಕುವುದು ಹೇಗೆ?

ತಳ್ಳಿಹಾಕುವುದು ಬೇಡ. ಎರಡು ಇನಿಂಗ್ಸ್ ನೋಡಿ ಸಾಮರ್ಥ್ಯ ಯಾವುದು, ಅದೃಷ್ಟ ಯಾವುದು ಎಂದು ಬೇರ್ಪಡಿಸಲು ಬರುವುದಿಲ್ಲ, ಅಷ್ಟೇ.

ಒಂದು ಸರಳ ಲೆಕ್ಕ ಮಾಡೋಣ. ದೀರ್ಘಕಾಲ ಆಡಿದರೆ 30ರ ಸರಾಸರಿ ಬರುವ ಒಬ್ಬ ಬ್ಯಾಟರ್ ಇದ್ದಾರೆ ಎಂದುಕೊಳ್ಳಿ. ಪ್ರತಿ ರನ್ನಿನ ನಂತರವೂ ಅವರು ಔಟಾಗುವ ಸಂಭವ ಒಂದೇ ಎಂದು ಇಟ್ಟುಕೊಳ್ಳೋಣ. ನಿಜದಲ್ಲಿ ಕ್ರೀಸಿಗೆ ಬಂದ ಹೊಸದರಲ್ಲಿ ಅಪಾಯ ಹೆಚ್ಚು, ಆದರೂ ಅಂದಾಜಿಗೆ ಇದು ಸಾಕು. ಇವರು ಎರಡು ಸಲ ಔಟಾದ ಮೇಲೆ ಸರಾಸರಿ 60 ಅಥವಾ ಅದಕ್ಕಿಂತ ಹೆಚ್ಚು ಇರುವ ಸಾಧ್ಯತೆ ನೂರಕ್ಕೆ ಸುಮಾರು 9. ಹತ್ತು ಸಲ ಔಟಾದ ಮೇಲೂ 60 ಇರುವ ಸಾಧ್ಯತೆ ಇನ್ನೂರಕ್ಕೆ 1. ಅಂದರೆ ಲೀಗಿನಲ್ಲಿ ಒಂದೆರಡು ಪಂದ್ಯಕ್ಕೆ ಬಂದು ಹೋಗುವ ಇಂಥ 30 ಬ್ಯಾಟರ್‌ಗಳಿದ್ದರೆ, ಅವರಲ್ಲಿ ಇಬ್ಬರು ಮೂವರು ಪ್ರತಿ ಸೀಸನ್‌ನಲ್ಲೂ 60ರ ಮೇಲೆ ಕಾಣಿಸಿಕೊಳ್ಳುತ್ತಾರೆ. ಯಾರು ಎಂಬುದು ಮಾತ್ರ ಪ್ರತಿ ವರ್ಷ ಬದಲಾಗುತ್ತದೆ. ಸೀಸನ್ ಪೂರ್ತಿ ಆಡಿ 45ರ ಸರಾಸರಿ ಕಾಯ್ದುಕೊಂಡವರು ಇವರ ಕೆಳಗೆ.

ಇದೇ ಲೆಕ್ಕದಿಂದ ನೆನಪಿಡಲು ಸುಲಭವಾದ ಇನ್ನೊಂದು ಸೂತ್ರ ಸಿಗುತ್ತದೆ. ಬ್ಯಾಟರ್ ಸ್ಕೋರುಗಳ ಏರಿಳಿತ ಹೆಚ್ಚುಕಡಿಮೆ ಅವರ ಸರಾಸರಿಯಷ್ಟೇ ದೊಡ್ಡದು. ಹಾಗಾಗಿ ಸರಾಸರಿಯನ್ನು, ಔಟಾದ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದರೆ ಆ ಸರಾಸರಿ ಎಷ್ಟು ಅಲುಗಾಡುತ್ತಿದೆ ಎಂಬುದು ತಿಳಿಯುತ್ತದೆ. 30ರ ಬ್ಯಾಟರ್ 4 ಸಲ ಔಟಾಗಿದ್ದರೆ ಆಚೀಚೆ 15, 9 ಸಲ ಔಟಾಗಿದ್ದರೆ ಆಚೀಚೆ 10, 25 ಸಲವಾದರೆ ಆಚೀಚೆ 6. ಈ ಸಂಖ್ಯೆಗಳನ್ನು ಒಮ್ಮೆ ನೋಡಿದವರು ಸರಾಸರಿಯ ಎರಡನೇ ದಶಮಾಂಶಕ್ಕಾಗಿ ವಾದ ಮಾಡುವುದನ್ನು ಬಿಡುತ್ತಾರೆ.

ಅಂತರರಾಷ್ಟ್ರೀಯ ಕ್ರಿಕೆಟ್‌ನಲ್ಲಿ ಇದಕ್ಕೆ ಅಧಿಕೃತ ನಿಯಮ ಇದೆಯೇ?

ಎಂಸಿಸಿಯ ಕ್ರಿಕೆಟ್ ನಿಯಮಾವಳಿಯಲ್ಲಿ ಸರಾಸರಿ ಪಟ್ಟಿಯ ಮಾತೇ ಇಲ್ಲ. ಇರುವುದು ಅಂಕಿಅಂಶ ಪ್ರಕಟಿಸುವವರ ರೂಢಿ. ಟೆಸ್ಟ್ ವೃತ್ತಿಜೀವನದ ಬ್ಯಾಟಿಂಗ್ ಸರಾಸರಿಗೆ 20 ಇನಿಂಗ್ಸ್, ಬೌಲಿಂಗ್ ಸರಾಸರಿಗೆ 2000 ಎಸೆತ ಎಂಬುದು ವ್ಯಾಪಕವಾಗಿ ಬಳಕೆಯಲ್ಲಿರುವ ಗೆರೆ.

ಈ 20 ಎಂಬುದು ಆಕಾಶದಿಂದ ಇಳಿದದ್ದಲ್ಲ. ನಿವೃತ್ತರಾದವರನ್ನು ಮಾತ್ರ ತೆಗೆದುಕೊಂಡರೆ ಪಟ್ಟಿಯ ತುದಿ ಹೀಗಿದೆ: ಬ್ರಾಡ್‌ಮನ್ 99.94, ಆಡಮ್ ವೋಗ್ಸ್ 61.87, ಗ್ರೇಮ್ ಪೊಲಾಕ್ 60.97, ಜಾರ್ಜ್ ಹೆಡ್ಲಿ 60.83, ಹರ್ಬರ್ಟ್ ಸಟ್‌ಕ್ಲಿಫ್ 60.73. ವೋಗ್ಸ್ ಆಡಿದ್ದು 31 ಇನಿಂಗ್ಸ್, ಪೊಲಾಕ್ 41, ಹೆಡ್ಲಿ 40, ಸಟ್‌ಕ್ಲಿಫ್ 84. ಗೆರೆಯನ್ನು 40ಕ್ಕೆ ಏರಿಸಿ: ವೋಗ್ಸ್ ಹೋದರು, ಹೆಡ್ಲಿ ಕೂದಲೆಳೆಯಲ್ಲಿ ಉಳಿದರು. 50ಕ್ಕೆ ಏರಿಸಿ: ಮೂವರೂ ಇಲ್ಲ, ಸಟ್‌ಕ್ಲಿಫ್ ಎರಡನೆಯವರು. ಒಂದಂಕಿಯೂ ಬದಲಾಗದೆ ಎರಡನೇ ಸ್ಥಾನದಲ್ಲಿ ಬೇರೆ ಬೇರೆ ಹೆಸರು! ಮೊದಲ ಸ್ಥಾನ ಮಾತ್ರ ಈ ಮೂರರಲ್ಲಿ ಯಾವ ಗೆರೆ ಎಳೆದರೂ ಅಲ್ಲಾಡದು.

ನಮ್ಮ ಲೀಗ್‌ಗೆ ಎಷ್ಟು ಇನಿಂಗ್ಸ್ ಇಡಬೇಕು?

ಒಂದು ಖಚಿತ ಸಂಖ್ಯೆಯ ಬದಲು ತಂಡ ಆಡಿದ ಪಂದ್ಯಗಳ ಅನುಪಾತವಾಗಿ ಇಡಿ. ನನ್ನ ಸಲಹೆ: ತಂಡದ ಲೀಗ್ ಪಂದ್ಯಗಳಲ್ಲಿ ಅರ್ಧದಷ್ಟು ಇನಿಂಗ್ಸ್. 14 ಪಂದ್ಯದ ಲೀಗ್‌ನಲ್ಲಿ 7.

ಮುಕ್ಕಾಲು ಭಾಗ ಏಕೆ ಬೇಡ? ಆರಂಭಿಕ ಬ್ಯಾಟರ್‌ಗೆ ಪ್ರತಿ ಪಂದ್ಯದಲ್ಲೂ ಬ್ಯಾಟಿಂಗ್ ಸಿಗುತ್ತದೆ. ಆರನೇ ಕ್ರಮಾಂಕದವರಿಗೆ ತಂಡ ಸುಲಭವಾಗಿ ಗೆದ್ದ ದಿನ ಪ್ಯಾಡ್ ಕಟ್ಟಿಕೊಂಡು ಕೂತಿದ್ದೇ ಬಂತು. ಗೆರೆ ತೀರಾ ಮೇಲಿದ್ದರೆ ಬಲಿಷ್ಠ ತಂಡದ ಮಧ್ಯಮ ಕ್ರಮಾಂಕದವರು, ಒಂದೂ ಪಂದ್ಯ ತಪ್ಪಿಸದೆ ಆಡಿದ್ದರೂ, ಹೊರಗೆ ಉಳಿಯುತ್ತಾರೆ. ಹೆಚ್ಚು ಗೆದ್ದದ್ದಕ್ಕೆ ಶಿಕ್ಷೆ ಕೊಟ್ಟ ಹಾಗೆ.

ಸಂಖ್ಯೆ ಸರಿಯಿದೆಯೇ ಎಂದು ಪರೀಕ್ಷಿಸಲು ಹಿಂದಿನ ಸೀಸನ್‌ನ ಪಟ್ಟಿ ತೆಗೆದು, ಸರಾಸರಿಯ ಕಾಲಂ ಮರೆಮಾಡಿ, ಬರೀ ಇನಿಂಗ್ಸ್ ಸಂಖ್ಯೆಯ ಮೇಲೆ ಜೋಡಿಸಿ. ಸಾಮಾನ್ಯವಾಗಿ ಎರಡು ಗುಂಪು ಕಣ್ಣಿಗೆ ಬೀಳುತ್ತವೆ: ನಿಯಮಿತವಾಗಿ ಆಡಿದವರದೊಂದು, ಬದಲಿಯಾಗಿ ಬಂದುಹೋದವರದೊಂದು. ನಡುವೆ ಜನ ವಿರಳವಾಗಿರುವ ಜಾಗದಲ್ಲಿ ಗೆರೆ ಇರಬೇಕು. ಸರಾಸರಿಯ ಕಾಲಂ ಮರೆಮಾಡಿ ಎಂದದ್ದು ತಮಾಷೆಗಲ್ಲ. ಅದು ಕಾಣುತ್ತಿದ್ದರೆ ಯಾರನ್ನು ಒಳಗೆ ಬಿಡಬೇಕು ಎಂದು ನೋಡಿಕೊಂಡೇ ಸಂಖ್ಯೆ ಆರಿಸುತ್ತೇವೆ, ನಮಗೇ ಗೊತ್ತಾಗದಂತೆ.

ಒಂದು ಪೂರ್ಣ ಉದಾಹರಣೆ ತೋರಿಸಬಹುದೇ?

ಎಂಟು ತಂಡಗಳು, ಪರಸ್ಪರ ಎರಡೆರಡು ಸಲ ಆಡಿ ಪ್ರತಿ ತಂಡಕ್ಕೂ 14 ಪಂದ್ಯ. ಲೀಗ್ ಮುಗಿದಾಗ ಯಾವ ಗೆರೆಯೂ ಇಲ್ಲದ ಪಟ್ಟಿಯ ಮೊದಲ ಐದು ಸಾಲು ಹೀಗಿದೆ ಎಂದುಕೊಳ್ಳಿ (ಕಲ್ಪಿತ ಅಂಕಿಗಳು):

| ಆಟಗಾರ | ಇನಿಂಗ್ಸ್ | ನಾಟೌಟ್ | ರನ್ | ಸರಾಸರಿ |
|---|---|---|---|---|
| ಬದಲಿ ಆಟಗಾರ | 2 | 1 | 84 | 84.00 |
| ಗಾಯಾಳು | 6 | 1 | 290 | 58.00 |
| ಫಿನಿಷರ್ | 11 | 8 | 156 | 52.00 |
| ಮೂರನೇ ಕ್ರಮಾಂಕ | 13 | 2 | 528 | 48.00 |
| ಆರಂಭಿಕ | 14 | 1 | 559 | 43.00 |

7 ಇನಿಂಗ್ಸ್‌ನ ಗೆರೆ ಎಳೆದ ಕೂಡಲೇ ಬದಲಿ ಆಟಗಾರ ಹೊರಗೆ. ಇದು ನಮಗೆ ಬೇಕಾದದ್ದೇ. ಗಾಯಾಳು ಒಂದೇ ಒಂದು ಇನಿಂಗ್ಸ್ ಕೊರತೆಯಿಂದ ಹೊರಗೆ, ಇದು ಸ್ವಲ್ಪ ಚುಚ್ಚುತ್ತದೆ. ಈಗ ಮೊದಲ ಸ್ಥಾನ ಯಾರಿಗೆ? ಫಿನಿಷರ್‌ಗೆ. ಹನ್ನೊಂದು ಇನಿಂಗ್ಸ್‌ನಲ್ಲಿ 156 ರನ್ ಹೊಡೆದವರು, 528 ಹೊಡೆದವರಿಗಿಂತ ಮೇಲೆ. ಎರಡು ಇನಿಂಗ್ಸ್‌ನವರನ್ನು ಹೊರಗಿಟ್ಟೆವು, ಆದರೆ ಅದೇ ರೋಗ ಬೇರೆ ಬಾಗಿಲಿನಿಂದ ಒಳಗೆ ಬಂತು. ಮುಂದಿನ ಎರಡು ಪ್ರಶ್ನೆಗಳು ಈ ಫಿನಿಷರ್ ಮತ್ತು ಈ ಗಾಯಾಳುವಿನ ಬಗ್ಗೆಯೇ.

ಇನಿಂಗ್ಸ್ ಲೆಕ್ಕ ಹಾಕಬೇಕೋ, ಔಟಾದದ್ದನ್ನೋ?

ಎರಡನ್ನೂ. ಹೆಚ್ಚಿನ ಲೀಗ್‌ಗಳ ನಿಯಮ ಸೋರುವುದು ಇಲ್ಲಿಯೇ.

ಸರಾಸರಿಯಲ್ಲಿ ಭಾಗಿಸುವುದು ಇನಿಂಗ್ಸ್‌ನಿಂದಲ್ಲ, ಔಟಾದ ಸಂಖ್ಯೆಯಿಂದ. ಗೆರೆ ಮಾತ್ರ ಇನಿಂಗ್ಸ್ ಮೇಲೆ ಇದ್ದರೆ, ಕೊನೆಯ ಎರಡು ಓವರ್‌ಗೆ ಬಂದು ಹತ್ತು ಹದಿನೈದು ಹೊಡೆದು ಅಜೇಯರಾಗಿ ಹಿಂತಿರುಗುವವರು ಗೆರೆ ದಾಟುತ್ತಾರೆ, ಭಾಗಿಸುವ ಸಂಖ್ಯೆ ಮಾತ್ರ 3ರಲ್ಲೇ ನಿಂತಿರುತ್ತದೆ. ಇದರ ಅತಿರೇಕ ನೋಡಬೇಕೆಂದರೆ 1953ರಲ್ಲಿ ಆಸ್ಟ್ರೇಲಿಯಾ ತಂಡದ ಇಂಗ್ಲೆಂಡ್ ಪ್ರವಾಸ. ಎಡಗೈ ಬೌಲರ್ ಬಿಲ್ ಜಾನ್‌ಸ್ಟನ್ 17 ಇನಿಂಗ್ಸ್ ಆಡಿ 16ರಲ್ಲಿ ನಾಟೌಟ್ ಆಗಿ ಉಳಿದರು. ರನ್ 102, ಸರಾಸರಿಯೂ 102. ಅಪ್ಪಟ ಹನ್ನೊಂದನೇ ಕ್ರಮಾಂಕದವರು! 17 ಇನಿಂಗ್ಸ್ ಎಂದರೆ ನಮ್ಮ 7ರಂಥ ಇನಿಂಗ್ಸ್ ಗೆರೆಯನ್ನು ಸಲೀಸಾಗಿ ದಾಟುವ ಸಂಖ್ಯೆ.

ಆದ್ದರಿಂದ ಎರಡು ಷರತ್ತು ಇಡಿ: ಕನಿಷ್ಠ 7 ಇನಿಂಗ್ಸ್ ಮತ್ತು ಕನಿಷ್ಠ 5 ಸಲ ಔಟಾಗಿರಬೇಕು. ನಮ್ಮ ಉದಾಹರಣೆಯಲ್ಲಿ ಫಿನಿಷರ್ ಔಟಾದದ್ದು 3 ಸಲ, ಹಾಗಾಗಿ ಸರಾಸರಿ ಪಟ್ಟಿಯಿಂದ ಹೊರಗೆ. ಅವರ ಆಟಕ್ಕೆ ಬೆಲೆಯಿಲ್ಲ ಎಂದಲ್ಲ, ಅದನ್ನು ಅಳೆಯಲು ಸ್ಟ್ರೈಕ್ ರೇಟ್ ಪಟ್ಟಿ ಇದೆ.

"ಔಟಾಗದೆ ಇದ್ದದ್ದೇ ತಪ್ಪಾಯಿತೇ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಔಟಾಗದೆ ಉಳಿದದ್ದರ ಲಾಭ ಸರಾಸರಿಯಲ್ಲಿ ಆಗಲೇ ಸಿಕ್ಕಿದೆ, ಭಾಗಿಸುವ ಸಂಖ್ಯೆ ಚಿಕ್ಕದಾಗಿದೆ. ಅದೇ ಲಾಭವನ್ನು ಅರ್ಹತೆಯಲ್ಲಿ ಮತ್ತೊಮ್ಮೆ ಕೊಡಬೇಕಿಲ್ಲ.

ಕಿರಿಯರ ಲೀಗ್‌ಗಳಲ್ಲಿ 30 ರನ್ ಆದ ಕೂಡಲೇ ಕಡ್ಡಾಯವಾಗಿ ನಿವೃತ್ತಿ ಎಂಬ ಪದ್ಧತಿ ಇದ್ದರೆ ಈ ಎರಡನೇ ಷರತ್ತು ಇನ್ನೂ ಮುಖ್ಯ. ಹಾಗೆ ನಿವೃತ್ತರಾದವರನ್ನು ನಾಟೌಟ್ ಎಂದು ಬರೆದರೆ ಒಳ್ಳೆಯ ಬ್ಯಾಟರ್‌ಗಳು ಸೀಸನ್ ಪೂರ್ತಿ ಒಂದೆರಡು ಸಲ ಮಾತ್ರ ಔಟಾಗಿರುತ್ತಾರೆ, ಸರಾಸರಿ ನೂರೈವತ್ತರ ಆಸುಪಾಸಿಗೆ ಹೋಗುತ್ತದೆ. ಅಂಥ ಲೀಗ್‌ನಲ್ಲಿ ಸರಾಸರಿಯ ಬಹುಮಾನವನ್ನೇ ಕೈಬಿಟ್ಟು ಪ್ರತಿ ಇನಿಂಗ್ಸ್‌ಗೆ ಎಷ್ಟು ರನ್ ಎಂದು ನೋಡುವುದು ವಾಸಿ.

ಒಂದೇ ಇನಿಂಗ್ಸ್ ಕಡಿಮೆ ಬಿದ್ದವರಿಗೆ ಏನು ಮಾಡುವುದು?

ಇದಕ್ಕೆ ಬೇಸ್‌ಬಾಲ್‌ನಲ್ಲಿ ಒಂದು ಚೆಂದದ ಪರಿಹಾರವಿದೆ. ಅಲ್ಲಿ ಬ್ಯಾಟಿಂಗ್ ಸರಾಸರಿ ಎಂದರೆ ಲೆಕ್ಕಕ್ಕೆ ಬರುವ ಸರದಿಗಳಲ್ಲಿ ಎಷ್ಟು ಪಾಲು ಹಿಟ್ ಆಯಿತು ಎಂಬುದು. ಅಮೆರಿಕದ ಮೇಜರ್ ಲೀಗ್‌ನಲ್ಲಿ ಬ್ಯಾಟಿಂಗ್ ಸರಾಸರಿಯ ಪ್ರಶಸ್ತಿಗೆ ತಂಡದ ಪ್ರತಿ ಪಂದ್ಯಕ್ಕೆ 3.1ರಂತೆ ಬ್ಯಾಟ್ ಹಿಡಿದು ನಿಂತ ಸರದಿಗಳು ಬೇಕು. 162 ಪಂದ್ಯಕ್ಕೆ 502. 1996ರಲ್ಲಿ ಟೋನಿ ಗ್ವಿನ್ ಅವರ ಸರಾಸರಿ .353, ಸರದಿಗಳು ಮಾತ್ರ 498, ನಾಲ್ಕು ಕಡಿಮೆ. ನಿಯಮದ ಪ್ರಕಾರ ಆ ನಾಲ್ಕೂ ಸರದಿಗಳಲ್ಲಿ ಅವರು ವಿಫಲರಾದರು ಎಂದು ಲೆಕ್ಕ ಹಾಕಿದರು. ಸರಾಸರಿ .349ಕ್ಕೆ ಇಳಿಯಿತು, ಆದರೂ ಎರಡನೆಯವರ .344ಕ್ಕಿಂತ ಮೇಲೆಯೇ ಇತ್ತು. ಪ್ರಶಸ್ತಿ ಅವರಿಗೇ ಹೋಯಿತು, ದಾಖಲೆಯಲ್ಲಿ ಸರಾಸರಿ .353 ಆಗಿಯೇ ಉಳಿಯಿತು. ಕೊರತೆಯನ್ನು ಕೆಟ್ಟದ್ದರಲ್ಲೇ ಕೆಟ್ಟ ಫಲಿತಾಂಶದಿಂದ ತುಂಬಿದರೂ ಗೆಲ್ಲುವವರನ್ನು ತಾಂತ್ರಿಕ ಕಾರಣಕ್ಕೆ ಹೊರಗಿಡುವುದರಲ್ಲಿ ಅರ್ಥವಿಲ್ಲ ಎಂಬ ತರ್ಕ ಅದು.

ಕ್ರಿಕೆಟ್‌ಗೆ ಇದನ್ನು ತಂದರೆ: ಕಡಿಮೆ ಬಿದ್ದ ಪ್ರತಿ ಇನಿಂಗ್ಸ್‌ಗೂ ಸೊನ್ನೆಗೆ ಔಟಾದಂತೆ ಸೇರಿಸಿ, ನಂತರ ಹೋಲಿಸಿ. ನಮ್ಮ ಗಾಯಾಳು 6 ಇನಿಂಗ್ಸ್‌ನಲ್ಲಿ 5 ಸಲ ಔಟಾಗಿ 290 ಹೊಡೆದಿದ್ದಾರೆ. ಒಂದು ಸೊನ್ನೆ ಸೇರಿಸಿದರೆ 290 ಭಾಗ 6, ಅಂದರೆ 48.33. ಮೂರನೇ ಕ್ರಮಾಂಕದವರ 48.00ಕ್ಕಿಂತ ಕೂದಲೆಳೆಯಷ್ಟು ಮೇಲೆ. ಮೊದಲ ಸ್ಥಾನ ಗಾಯಾಳುವಿಗೆ. ಅದೇ ಬದಲಿ ಆಟಗಾರನಿಗೆ ಐದು ಸೊನ್ನೆ ಸೇರಿಸಿ ನೋಡಿ: 84 ಭಾಗ 6, ಬರೀ 14. ಬಾಗಿಲು ಯಾರಿಗೆ ತೆರೆಯಬೇಕೋ ಅವರಿಗಷ್ಟೇ ತೆರೆಯಿತು.

ಎಲ್ಲರಿಗೂ ಹೀಗೆ ಬಾಗಿಲು ತೆರೆಯುತ್ತದೆ ಎಂದುಕೊಳ್ಳಬೇಡಿ. ಆಸ್ಟ್ರೇಲಿಯಾದ ಸಿಡ್ ಬಾರ್ನ್ಸ್ 13 ಟೆಸ್ಟ್‌ಗಳಲ್ಲಿ 19 ಇನಿಂಗ್ಸ್ ಆಡಿ 1072 ರನ್ ಗಳಿಸಿದರು, ಸರಾಸರಿ 63.05. ಇಪ್ಪತ್ತರ ಗೆರೆಗೆ ಒಂದೇ ಇನಿಂಗ್ಸ್ ಕಡಿಮೆ. ಅವರಿಗೊಂದು ಸೊನ್ನೆ ಸೇರಿಸಿದರೆ ಔಟಾದದ್ದು 17ರಿಂದ 18 ಆಗಿ ಸರಾಸರಿ 59.56ಕ್ಕೆ ಬರುತ್ತದೆ, ಆಗ ವೋಗ್ಸ್, ಪೊಲಾಕ್, ಹೆಡ್ಲಿ, ಸಟ್‌ಕ್ಲಿಫ್ ನಾಲ್ವರ ಕೆಳಗೆ. ಆದರೂ ಪಟ್ಟಿಯಲ್ಲಿ ಅವರ ಹೆಸರೇ ಇಲ್ಲದಿರುವುದಕ್ಕಿಂತ ಇದು ಮೇಲು ಎಂದು ನನಗನ್ನಿಸುತ್ತದೆ.

ಒಂದು ಎಚ್ಚರಿಕೆ. ಈ ವಿನಾಯಿತಿಯನ್ನು ಯಾರಿಗೆ ಕೊಡುವುದಿಲ್ಲ ಎಂಬುದನ್ನೂ ಬರೆದಿಡಿ. 2012ರಲ್ಲಿ ಮೆಲ್ಕಿ ಕಬ್ರೇರಾ .346 ಸರಾಸರಿಯೊಂದಿಗೆ 501 ಸರದಿಗಳಲ್ಲಿದ್ದಾಗ ನಿಷೇಧಿತ ಮದ್ದು ಸೇವನೆಗಾಗಿ ಅಮಾನತಾದರು. ಬೇಕಿದ್ದದ್ದು ಇನ್ನೊಂದೇ ಸರದಿ! ಒಂದು ವೈಫಲ್ಯ ಸೇರಿಸಿದ್ದರೆ ಪ್ರಶಸ್ತಿ ಅವರದೇ ಆಗುತ್ತಿತ್ತು. ಕೊನೆಗೆ ಅವರೇ ತಮ್ಮನ್ನು ಪರಿಗಣಿಸಬೇಡಿ ಎಂದು ಕೇಳಿಕೊಂಡರು, ಆ ಸೀಸನ್‌ಗೆ ನಿಯಮ ಬದಲಾಯಿತು, .336ರ ಬಸ್ಟರ್ ಪೋಸಿಗೆ ಪ್ರಶಸ್ತಿ ಹೋಯಿತು. ಸೀಸನ್ ನಡುವೆ ನಿಯಮ ಮುಟ್ಟುವುದು ಅಷ್ಟು ದೊಡ್ಡ ಲೀಗ್‌ಗೂ ಮುಜುಗರದ ವಿಷಯವೇ. ಶಿಸ್ತು ಕ್ರಮದಿಂದ ತಪ್ಪಿದ ಪಂದ್ಯಗಳಿಗೆ ಈ ಸೌಲಭ್ಯ ಇಲ್ಲ ಎಂಬ ಒಂದು ವಾಕ್ಯ ಮೊದಲೇ ಇದ್ದರೆ ಸಾಕು.

ಅವಕಾಶವನ್ನು ಎಣಿಸಬೇಕು ಎನ್ನುತ್ತಾರಲ್ಲ, ಹಾಗೆಂದರೇನು?

ಇದಕ್ಕೂ ಬೇಸ್‌ಬಾಲ್‌ನದೇ ಕಥೆ. 1954ರಲ್ಲಿ ಗೆರೆ 400 ಅಧಿಕೃತ ಅಟ್-ಬ್ಯಾಟ್ ಆಗಿತ್ತು. ಆ ಲೆಕ್ಕದಲ್ಲಿ ವಾಕ್, ಅಂದರೆ ಎದುರಾಳಿ ಸರಿಯಾಗಿ ಎಸೆಯದೆ ಬಿಟ್ಟುಕೊಟ್ಟ ಸರದಿ, ಸೇರುವುದಿಲ್ಲ. ಟೆಡ್ ವಿಲಿಯಮ್ಸ್ ಎಷ್ಟು ಅಪಾಯಕಾರಿ ಎಂದರೆ ಆ ವರ್ಷ ಅವರಿಗೆ 136 ವಾಕ್ ಸಿಕ್ಕವು. ಉಳಿದದ್ದು 386 ಅಟ್-ಬ್ಯಾಟ್. .345ರ ಸರಾಸರಿ ಇದ್ದೂ ಪ್ರಶಸ್ತಿ .341ರ ಬಾಬಿ ಆವಿಲಾ ಪಾಲಾಯಿತು. ಚೆನ್ನಾಗಿ ಆಡುತ್ತಾರೆ ಎಂಬ ಕಾರಣಕ್ಕೇ ಅನರ್ಹ! 1957ರಿಂದ ಎಲ್ಲ ಸರದಿಗಳನ್ನೂ ಎಣಿಸತೊಡಗಿದರು.

ಆಟಗಾರ ಎಷ್ಟು ಸಲ ಕಣಕ್ಕೆ ಇಳಿದರು ಎಂಬುದನ್ನು ಎಣಿಸಬೇಕು, ಇಳಿದ ಮೇಲೆ ಏನಾಯಿತು ಎಂಬುದರಿಂದ ಅರ್ಹತೆ ಹೋಗಬಾರದು. ಹಾಗಿದ್ದರೆ 5 ಸಲ ಔಟಾಗಿರಬೇಕು ಎಂಬ ನನ್ನ ಷರತ್ತು ಇದಕ್ಕೆ ವಿರುದ್ಧವಲ್ಲವೇ? ಸ್ವಲ್ಪ ವಿರುದ್ಧವೇ. ಅದಕ್ಕೇ ಅದನ್ನು ಇನಿಂಗ್ಸ್ ಗೆರೆಗಿಂತ ಕೆಳಗೆ ಇಟ್ಟಿದ್ದೇನೆ, ಮತ್ತು ಸೊನ್ನೆ ಸೇರಿಸುವ ನಿಯಮ ಅದಕ್ಕೂ ಅನ್ವಯಿಸಬೇಕು ಎನ್ನುತ್ತೇನೆ. ನಿಜಕ್ಕೂ ಯಾರಿಂದಲೂ ಔಟ್ ಮಾಡಲಾಗದ, 9 ಇನಿಂಗ್ಸ್‌ನಲ್ಲಿ 4 ಸಲ ಮಾತ್ರ ಔಟಾಗಿ 400 ಹೊಡೆದವರು ಇದ್ದರೆ, ಒಂದು ಸೊನ್ನೆ ಸೇರಿಸಿದ ಮೇಲೂ ಅವರ ಸರಾಸರಿ 80. ನಮ್ಮ ಫಿನಿಷರ್‌ಗೆ ಎರಡು ಸೇರಿಸಿದರೆ 156 ಭಾಗ 5, ಅಂದರೆ 31.20.

ಯಾವುದನ್ನು ಇನಿಂಗ್ಸ್ ಎಂದು ಎಣಿಸಬೇಕು?

ಕ್ರೀಸಿಗೆ ಇಳಿದರೆ ಇನಿಂಗ್ಸ್, ಒಂದೂ ಎಸೆತ ಎದುರಿಸದೆ ರನೌಟ್ ಆದರೂ ಸರಿ. ಗಾಯಗೊಂಡು ನಿವೃತ್ತರಾದರೆ ಇನಿಂಗ್ಸ್ ಹೌದು, ಔಟ್ ಅಲ್ಲ. ಕಾರಣವಿಲ್ಲದೆ ತಾವಾಗಿ ನಿವೃತ್ತರಾದರೆ ಇನಿಂಗ್ಸ್ ಹೌದು, ಔಟ್ ಕೂಡ. ತಂಡದಲ್ಲಿದ್ದರೂ ಬ್ಯಾಟಿಂಗ್‌ಗೆ ಇಳಿಯದಿದ್ದರೆ ಇನಿಂಗ್ಸ್ ಅಲ್ಲ. ಸೂಪರ್ ಓವರ್‌ನ ರನ್ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಮಳೆಗೆ ಪಂದ್ಯ ರದ್ದಾದರೆ?

ಒಂದೂ ಎಸೆತ ಕಾಣದ ಪಂದ್ಯವನ್ನು ತಂಡದ ಪಂದ್ಯಗಳ ಲೆಕ್ಕದಿಂದ ತೆಗೆಯಿರಿ. 14ರಲ್ಲಿ 3 ಕೊಚ್ಚಿಹೋದರೆ 11ರ ಅರ್ಧ 5.5, ಮೇಲಕ್ಕೆ ತೆಗೆದುಕೊಂಡು 6. ಅನುಪಾತವಾಗಿ ಇಡಿ ಎಂದದ್ದು ಇದಕ್ಕೇ. ಶುರುವಾಗಿ ನಿಂತ ಪಂದ್ಯದಲ್ಲಿ ಆಡಿದ ಇನಿಂಗ್ಸ್‌ಗಳು ಎಂದಿನಂತೆ ಲೆಕ್ಕಕ್ಕೆ.

ಎದುರಾಳಿ ಬಾರದೆ ವಾಕೋವರ್ ಸಿಕ್ಕ ಪಂದ್ಯಕ್ಕೂ ಇದೇ ನಿಯಮ.

ಸೀಸನ್ ನಡುವೆ ಲೀಡರ್‌ಬೋರ್ಡ್ ತೋರಿಸುವಾಗ ಗೆರೆ ಎಲ್ಲಿರಬೇಕು?

ಅರ್ಧದ ನಿಯಮವನ್ನು ಕಣ್ಣುಮುಚ್ಚಿ ಹಾಕಿದರೆ ಮೂರು ಪಂದ್ಯದ ನಂತರ ಗೆರೆ 2 ಇನಿಂಗ್ಸ್. ತಪ್ಪಿಸಬೇಕು ಎಂದುಕೊಂಡದ್ದೇ ಮತ್ತೆ ಎದುರಿಗೆ. ಹಾಗಾಗಿ ಗೆರೆ ಎಂದೂ 4ಕ್ಕಿಂತ ಕೆಳಗೆ ಇಳಿಯಬಾರದು ಎಂದು ಸೇರಿಸಿ. ಹೆಚ್ಚಿನವರು 4 ಇನಿಂಗ್ಸ್ ಆಡುವ ತನಕ ಸರಾಸರಿಯ ಪಟ್ಟಿಯನ್ನೇ ತೋರಿಸಬೇಡಿ, ಒಟ್ಟು ರನ್ ಪಟ್ಟಿ ಸಾಕು.

ಅನುಪಾತಕ್ಕೆ ಆಯಾ ಆಟಗಾರನ ತಂಡ ಅಲ್ಲಿಯವರೆಗೆ ಆಡಿದ ಪಂದ್ಯಗಳನ್ನು ನೋಡಬೇಕು, ಇಡೀ ಲೀಗ್‌ನದ್ದನ್ನಲ್ಲ. ಒಂದು ತಂಡ 8 ಆಡಿ ಇನ್ನೊಂದು 5 ಆಡಿರುವಾಗ ಎಲ್ಲರಿಗೂ ಒಂದೇ ಗೆರೆ ಎಳೆದರೆ ಹಿಂದೆ ಬಿದ್ದ ತಂಡದವರು ಸುಮ್ಮನೆ ಪಟ್ಟಿಯಿಂದ ಬೀಳುತ್ತಾರೆ. ಸೆಮಿಫೈನಲ್, ಫೈನಲ್‌ಗಳ ರನ್ ಸರಾಸರಿಗೆ ಸೇರಲಿ, ಆದರೆ ಗೆರೆ ಲೀಗ್ ಹಂತದ ಲೆಕ್ಕಕ್ಕೇ ನಿಲ್ಲಲಿ.

ಸ್ಪ್ರೆಡ್‌ಶೀಟ್‌ನಲ್ಲಿ ಇದನ್ನು ಹೇಗೆ ಹಾಕುವುದು?

B ಕಾಲಂನಲ್ಲಿ ರನ್, Cಯಲ್ಲಿ ಇನಿಂಗ್ಸ್, Dಯಲ್ಲಿ ನಾಟೌಟ್ ಇರಲಿ. ಇನಿಂಗ್ಸ್ ಗೆರೆಯನ್ನು H1ರಲ್ಲಿ, ಔಟ್ ಗೆರೆಯನ್ನು H2ರಲ್ಲಿ ಬರೆಯಿರಿ. ಮೊದಲ ಸೂತ್ರ E ಕಾಲಂಗೆ, ಎರಡನೆಯದು F ಕಾಲಂಗೆ:

```
=IF(AND(C2>=$H$1,C2-D2>=$H$2),B2/(C2-D2),"")
=IF(E2="","",RANK(E2,E$2:E$200))
```

ಗೆರೆ ದಾಟದವರ E ಖಾಲಿ ಉಳಿಯುತ್ತದೆ, ಕ್ರಮಾಂಕ ಅವರನ್ನು ಬಿಟ್ಟು ಎಣಿಸುತ್ತದೆ. ಸಾಮಾನ್ಯವಾಗಿ ಆಗುವ ತಪ್ಪು ಎಂದರೆ ಎಲ್ಲರಿಗೂ ಕ್ರಮಾಂಕ ಕೊಟ್ಟ ಮೇಲೆ ಅನರ್ಹರ ಸಾಲುಗಳನ್ನು ಮರೆಮಾಡುವುದು. ಆಗ ಪಟ್ಟಿ 4, 5, 9 ಎಂದು ಶುರುವಾಗುತ್ತದೆ. ಹಾಗೆ ಕಂಡರೆ ಕಾರಣ ಇದೇ. ಇಲ್ಲಿ ಎಲ್ಲ ತಂಡಗಳಿಗೂ ಒಂದೇ ಗೆರೆ ಇದೆ. ತಂಡವಾರು ಗೆರೆ ಬೇಕಿದ್ದರೆ H1ರ ಬದಲು ಪ್ರತಿ ಆಟಗಾರನ ಸಾಲಿನಲ್ಲೇ ಅವರ ತಂಡದ ಗೆರೆಗೆ ಒಂದು ಕಾಲಂ ಇಡಿ.

ಒಮ್ಮೆಯೂ ಔಟಾಗದವರಿಗೆ ಸರಾಸರಿ ಎಂಬುದೇ ಇಲ್ಲ. ಅವರ ಜಾಗದಲ್ಲಿ ಒಂದು ಗೀಟು ಹಾಕಿ. ಕೆಲವರು ಒಟ್ಟು ರನ್ನನ್ನೇ ಸರಾಸರಿ ಎಂದು ಬರೆಯುತ್ತಾರೆ, ಅದು ತಪ್ಪು.

ಬೌಲಿಂಗ್‌ಗೆ ಗೆರೆ ಯಾವುದರ ಮೇಲೆ?

ಎಸೆತಗಳ ಮೇಲೆ. ಇಂಗ್ಲೆಂಡಿನ ವಿಲ್ಫ್ ಬಾರ್ಬರ್ 1935ರಲ್ಲಿ ಟೆಸ್ಟ್‌ನಲ್ಲಿ ಎಸೆದದ್ದು ಎರಡೇ ಎಸೆತ, ಒಂದು ವಿಕೆಟ್, ರನ್ ಸೊನ್ನೆ. ಬೌಲಿಂಗ್ ಸರಾಸರಿ 0.00, ಅದನ್ನು ಮೀರಿಸುವುದು ಯಾರಿಗೂ ಸಾಧ್ಯವಿಲ್ಲ. 2000 ಎಸೆತದ ಗೆರೆ ಇಟ್ಟಾಗ ತುದಿಯಲ್ಲಿ ಕಾಣುವುದು ಹತ್ತೊಂಬತ್ತನೇ ಶತಮಾನದ ಜಾರ್ಜ್ ಲೋಮನ್, 112 ವಿಕೆಟ್, 10.75.

ವಿಕೆಟ್ ಮೇಲೆ ಗೆರೆ ಎಳೆದರೆ ಬಿಗಿಯಾಗಿ ಎಸೆದೂ ವಿಕೆಟ್ ಸಿಗದವರು ಎಕಾನಮಿ ಪಟ್ಟಿಯಿಂದ ಬೀಳುತ್ತಾರೆ, ಎಸೆತದ ಗೆರೆ ಎರಡು ಪಟ್ಟಿಗೂ ಸರಿಹೊಂದುತ್ತದೆ. 14 ಪಂದ್ಯದ, ತಲಾ 4 ಓವರ್ ಮಿತಿಯ ಲೀಗ್‌ನಲ್ಲಿ ಒಬ್ಬರಿಗೆ ಹೆಚ್ಚೆಂದರೆ 56 ಓವರ್. 20 ಓವರ್, ಅಂದರೆ 120 ಎಸೆತ, ಸಾಕಷ್ಟು ನ್ಯಾಯವಾದ ಗೆರೆ.

ಸ್ಟ್ರೈಕ್ ರೇಟ್‌ಗೆ?

ಎದುರಿಸಿದ ಎಸೆತಗಳು. ಒಂದೇ ಎಸೆತ ಆಡಿ ಸಿಕ್ಸರ್ ಹೊಡೆದವರ ಸ್ಟ್ರೈಕ್ ರೇಟ್ 600. ಅಂಥ 14 ಪಂದ್ಯದ ಲೀಗ್‌ಗೆ 100 ಎಸೆತ ಇಡಿ. ಫಿನಿಷರ್‌ಗಳು ಸ್ಪರ್ಧಿಸಬೇಕಾದ ಪಟ್ಟಿಯೇ ಇದಾದ್ದರಿಂದ ಅದಕ್ಕಿಂತ ಮೇಲೆ ಏರಿಸಬೇಡಿ.

ಗೆರೆಯ ಬದಲು ಎಲ್ಲರ ಸರಾಸರಿಯನ್ನೂ ಲೀಗ್ ಸರಾಸರಿಯ ಕಡೆಗೆ ಎಳೆಯುವ ಸೂತ್ರ ಬಳಸಬಾರದೇ?

ಬಳಸಬಹುದು. ಪ್ರತಿಯೊಬ್ಬರಿಗೂ ಲೀಗ್ ಸರಾಸರಿಯಲ್ಲಿ ನಾಲ್ಕು ಸಲ ಔಟಾದಂತೆ ಸೇರಿಸುವುದು ಒಂದು ವಿಧಾನ. ಲೀಗ್ ಸರಾಸರಿ 24 ಆದರೆ ಎಲ್ಲರಿಗೂ 96 ರನ್, 4 ಔಟ್ ಸೇರಿಸಿ. ಬದಲಿ ಆಟಗಾರ 84ರಿಂದ 36ಕ್ಕೆ ಇಳಿಯುತ್ತಾರೆ, ಫಿನಿಷರ್ ಕೂಡ 36, ಆರಂಭಿಕರು 38.53, ಮೂರನೇ ಕ್ರಮಾಂಕದವರು 41.60, ಗಾಯಾಳು 42.89. ಯಾರನ್ನೂ ಹೊರಗೆ ಹಾಕದೆ ಪಟ್ಟಿ ತಾನೇ ಸರಿಯಾಯಿತು. ಮುಂದಿನ ಸೀಸನ್‌ಗೆ ತಂಡ ಆರಿಸುವವರಿಗೆ ನಾನು ಇದನ್ನೇ ಕೊಡುತ್ತೇನೆ.

ಬಹುಮಾನಕ್ಕೆ ಮಾತ್ರ ಬೇಡ. ತನ್ನ ಸರಾಸರಿಯನ್ನು ಆಟಗಾರ ಸ್ಕೋರ್‌ಬುಕ್ ಹಿಡಿದು ಬೆರಳೆಣಿಸಿ ತಾಳೆ ನೋಡುವಂತಿರಬೇಕು. 48 ಹೇಗೆ 41.60 ಆಯಿತು ಎಂದು ಮೈದಾನದ ಪಕ್ಕ ನಿಂತು ವಿವರಿಸುವ ಕೆಲಸ ಯಾರಿಗೂ ಬೇಡ. ಮೇಲಾಗಿ ನಾಲ್ಕರ ಬದಲು ಆರು ಏಕಲ್ಲ ಎಂಬ ಪ್ರಶ್ನೆಗೆ, ಗೆರೆ ಏಳೇ ಏಕೆ ಎಂಬುದಕ್ಕೆ ಇರುವಷ್ಟು ಸರಳ ಉತ್ತರವಿಲ್ಲ.

ಇಬ್ಬರ ಸರಾಸರಿ ಒಂದೇ ಆದರೆ?

ಹೆಚ್ಚು ರನ್ ಹೊಡೆದವರು ಮೇಲೆ. ಆದರೆ ಹೋಲಿಸುವಾಗ ಪೂರ್ಣ ಸಂಖ್ಯೆ ಬಳಸಿ, ಎರಡು ದಶಮಾಂಶಕ್ಕೆ ಕತ್ತರಿಸಿದ್ದನ್ನಲ್ಲ. ವೋಗ್ಸ್ ಅವರ 1485 ರನ್ನನ್ನು 24ರಿಂದ ಭಾಗಿಸಿದರೆ 61.875. ಕೆಲವರು ಕತ್ತರಿಸಿ 61.87 ಎನ್ನುತ್ತಾರೆ, ಕೆಲವರು ಏರಿಸಿ 61.88 ಎನ್ನುತ್ತಾರೆ. ನಿಮ್ಮ ಲೀಗ್ ಯಾವುದನ್ನು ಮಾಡುತ್ತದೆ ಎಂದು ಒಮ್ಮೆ ಬರೆದಿಟ್ಟರೆ ಮುಗಿಯಿತು.

ಅನರ್ಹರ ಹೆಸರನ್ನು ಎಲ್ಲಿ ತೋರಿಸುವುದು?

ಅರ್ಹರ ಪಟ್ಟಿ ಮುಗಿದ ಮೇಲೆ ಒಂದು ಗೆರೆ ಎಳೆದು, ಕ್ರಮಾಂಕವಿಲ್ಲದೆ, ರನ್ ಮತ್ತು ಸರಾಸರಿ ಸಮೇತ. ಪಟ್ಟಿಯ ತಲೆಯಲ್ಲೇ "ಕನಿಷ್ಠ 7 ಇನಿಂಗ್ಸ್, 5 ಸಲ ಔಟ್" ಎಂದು ಬರೆದಿರಲಿ. ಸೊನ್ನೆ ಸೇರಿಸಿ ಅರ್ಹರಾದವರ ಹೆಸರಿನ ಪಕ್ಕ ನಕ್ಷತ್ರ ಚಿಹ್ನೆ ಹಾಕಿ, ಅವರ ನಿಜವಾದ ಸರಾಸರಿಯನ್ನೇ ತೋರಿಸಿ. ನಮ್ಮ ಗಾಯಾಳು ಪಟ್ಟಿಯ ತುದಿಯಲ್ಲಿ 58.00 ಎಂದೇ ಕಾಣಬೇಕು, 48.33 ಎಂದಲ್ಲ.

ಸೀಸನ್ ಶುರುವಾದ ಮೇಲೆ ಗೆರೆ ತಪ್ಪಾಗಿದೆ ಎಂದು ತಿಳಿದರೆ ಬದಲಿಸಬಹುದೇ?

ಈ ಸೀಸನ್‌ಗೆ ಬೇಡ. ಮೊದಲ ಎಸೆತ ಬಿದ್ದ ಮೇಲೆ ಗೆರೆಯನ್ನು ಎತ್ತ ಸರಿಸಿದರೂ ಅದು ಯಾರೋ ಒಬ್ಬರನ್ನು ಒಳಗೆ ತರುತ್ತದೆ, ಇನ್ನೊಬ್ಬರನ್ನು ಹೊರಗೆ ಹಾಕುತ್ತದೆ, ಮತ್ತು ಆ ಹೆಸರುಗಳು ಆಗಲೇ ಎಲ್ಲರಿಗೂ ಗೊತ್ತಿರುತ್ತವೆ. ತಪ್ಪಿದ್ದರೂ ಹಾಗೇ ನಡೆಸಿ, ಮುಂದಿನ ಸೀಸನ್‌ನ ನಿಯಮ ಪತ್ರದಲ್ಲಿ ತಿದ್ದಿ. ಮಳೆಯಂಥ ಕಾರಣಕ್ಕೆ ಗೆರೆ ಇಳಿಯುವುದು ಬೇರೆ ಮಾತು. ಅದು ಅನುಪಾತದ ನಿಯಮದೊಳಗೇ ಇದೆ, ಯಾರೂ ಸಭೆ ಸೇರಿ ತೀರ್ಮಾನಿಸಬೇಕಿಲ್ಲ.